ಸಿಸಿಯಲ್ಲಿ ಸಾಹೇಬರು, ಎದೆಯಲ್ಲಿ ಡವಡವ

ನಮ್ಮೂರು ಐಗಳಿಯ ಪಂಚಾಯಿತಿ ಪತ್ರಗಳ ಕೊನೆಗೆ ‘ಪ್ರತಿ: ಮಾಹಿತಿಗಾಗಿ’ ಅಂತ ಒಂದು ಸಾಲು ಇರುತ್ತದೆ. ಅದನ್ನು ನಾನು ಎಂದೂ ಗಮನಿಸಿರಲಿಲ್ಲ. ಇ-ಮೇಲ್‌ನ ‘ಸಿಸಿ’ ಅಂದರೂ ಅದೇ, ಟೈಪ್‌ರೈಟರ್ ಕಾಲದ ಕಾರ್ಬನ್ ಕಾಪಿ. ಆದರೆ ಮಾಹಿತಿಗಾಗಿ ಅಲ್ಲದೆ ಮರ್ಯಾದೆ ತೆಗೆಯಲಿಕ್ಕೂ ಅದನ್ನು ಬಳಸುತ್ತಾರೆ ಅಂತ ಗೊತ್ತಾಗಿದ್ದು ಬೆಳಗಾವಿಯಲ್ಲಿ ಇಂಟರ್ನ್‌ಶಿಪ್‌ಗೆ ಹೋದಾಗ.

ಅದೊಂದು ಬಿಡಿಭಾಗ ತಯಾರಿಸುವ ಕಾರ್ಖಾನೆ. ನನ್ನ ಕೆಲಸ 40 ಬುಷ್‌ಗಳ ಅಳತೆ ತೆಗೆದು ರಿಪೋರ್ಟ್ ಕೊಡುವುದು. ಬುಧವಾರ 11:40ಕ್ಕೆ ಡಿಸ್‌ಪ್ಯಾಚ್ ವಿಭಾಗದಿಂದ ಮೇಲ್ ಬಂತು: ‘ಮೂರು ಸಲ ಕೇಳಿದರೂ ರಿಪೋರ್ಟ್ ಇಲ್ಲ. ಟ್ರೈನಿಗಳಿಗೆ ಕೆಲಸ ಕೊಟ್ಟರೆ ಹೀಗೇ.’ ಸಿಸಿಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು, ಪ್ಲಾಂಟ್ ಮ್ಯಾನೇಜರ್, ಸಾಲದ್ದಕ್ಕೆ ನನ್ನ ಕಾಲೇಜಿನ ಗೈಡ್!

ಸಿಟ್ಟು ನೆತ್ತಿಗೇರಿತು. ರಿಪೋರ್ಟನ್ನು ನಾನು ಮಂಗಳವಾರವೇ ಕಳಿಸಿದ್ದೆ. ‘ನೀವು ಹೇಳುವುದು ಸುಳ್ಳು’ ಅಂತ ಶುರುಮಾಡಿ, ಸ್ಕ್ರೀನ್‌ಶಾಟ್ ಅಂಟಿಸಿ, ಉದ್ದದ ಉತ್ತರ ಬರೆದೆ. ಪಕ್ಕದ ಟೇಬಲ್‌ನ ಹಿರಿಯರು ಇಣುಕಿ ನೋಡಿ, ‘ತಮ್ಮಾ, ಈಗ ಏನೂ ಕಳಸಬ್ಯಾಡ. ಮದಲ ಆ ಟು ಜಾಗಾ ಖಾಲಿ ಮಾಡು, ಆಮ್ಯಾಲ ಚಾ ಕುಡಿಯಾಕ ಬಾ’ ಅಂದರು. ಟು ಮತ್ತು ಸಿಸಿ ಖಾಲಿ ಇದ್ದರೆ ಕೈತಪ್ಪಿ ಒತ್ತಿದರೂ ಮೇಲ್ ಹೋಗುವುದಿಲ್ಲ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ಪಡೆಯಲು ಹೆಚ್ಚೆಂದರೆ 30 ಸೆಕೆಂಡ್ ಸಿಗುತ್ತದೆ. ಸಿಟ್ಟು ಇಳಿಯಲು ಅದು ಎಲ್ಲಿ ಸಾಲುತ್ತದೆ?

ಚಹಾ ಕುಡಿದು ಬಂದು ಹಳೆಯ ಮೇಲ್‌ಗಳನ್ನು ಗಂಟೆ ಸಮೇತ ನೋಡಿದೆ. ಸೋಮವಾರ 4:20ಕ್ಕೆ ಅವರು ಕೇಳಿದ್ದರು. ಮಂಗಳವಾರ 10:05ಕ್ಕೆ ನಾನು ಕಳಿಸಿದ್ದೆ. ಆದರೆ ನಾನು ಹಿಡಿದಿದ್ದು ಹಳೆಯ ಡ್ರಾಯಿಂಗ್. ಹೊಸ ಡ್ರಾಯಿಂಗ್‌ನಲ್ಲಿ ಒಳವ್ಯಾಸದ ಟಾಲರೆನ್ಸ್ ಬದಲಾಗಿತ್ತು. ಮಂಗಳವಾರ ಸಂಜೆ ಅವರು ಫೋನ್ ಮಾಡಿ ಅದನ್ನು ಹೇಳಿಯೂ ಇದ್ದರು, ನಾನೇ ‘ನಾಳೆ ನೋಡೋಣ’ ಅಂದುಕೊಂಡಿದ್ದೆ. ಅಂದರೆ ಮೂರು ಸಲ ಅನ್ನುವುದು ಉತ್ಪ್ರೇಕ್ಷೆ, ಆದರೆ ದೂರಿನಲ್ಲಿ ಅರ್ಧ ಸತ್ಯವಿತ್ತು. ಸಿಟ್ಟಿನಲ್ಲಿ ಬರೆದ ಉತ್ತರದಲ್ಲಿ ಆ ಅರ್ಧದ ಸುದ್ದಿಯೇ ಇರಲಿಲ್ಲ. ಅದು ಹೋಗಿದ್ದರೆ ಮುಂದಿನ ಮೇಲ್‌ನಲ್ಲಿ ನನ್ನ ತಪ್ಪು ಎಲ್ಲರ ಮುಂದೆ ಬಯಲಾಗುತ್ತಿತ್ತು.

ಕೊನೆಗೆ ಕಳಿಸಿದ್ದು ಇಷ್ಟು. ಇಂಗ್ಲಿಷ್‌ನಲ್ಲಿ ಬರೆದಿದ್ದೆ, ಕನ್ನಡದಲ್ಲಿ ಹೀಗಾಗುತ್ತದೆ:

‘ಸರ್, ಮಂಗಳವಾರ 10:05ಕ್ಕೆ ಕಳಿಸಿದ ರಿಪೋರ್ಟ್ ಕೆಳಗಿದೆ. ಅದು ಹಳೆಯ ಡ್ರಾಯಿಂಗ್ ಪ್ರಕಾರ ಇತ್ತು, ಅದು ನನ್ನ ತಪ್ಪು. ಹೊಸ ಡ್ರಾಯಿಂಗ್ ಪ್ರಕಾರ 40ರಲ್ಲಿ 26 ಪೀಸ್‌ಗಳ ಅಳತೆ ಮುಗಿದಿದೆ. ಪೂರ್ತಿ ರಿಪೋರ್ಟ್ ಇಂದು ಸಂಜೆ 4ಕ್ಕೆ ಕಳಿಸುತ್ತೇನೆ. ಲಾರಿ ಮೊದಲೇ ಹೊರಡುವುದಿದ್ದರೆ ತಿಳಿಸಿ, 26ರದ್ದು ಮೊದಲು ಕೊಡುತ್ತೇನೆ.’

‘ಮೂರು ಸಲ’ ಎಂಬ ಮಾತನ್ನು ನಾನು ಮುಟ್ಟಲಿಲ್ಲ. ಎರಡೋ ಮೂರೋ ಎಂದು ವಾದಕ್ಕಿಳಿದರೆ ಮ್ಯಾನೇಜರಿಗೆ ಕಾಣುವುದು ಜಗಳ ಮಾತ್ರ, ರಿಪೋರ್ಟ್ ಅಲ್ಲ. 10:05 ಎಂಬ ಸಮಯ ಹೇಳಬೇಕಾದ್ದನ್ನು ತಾನೇ ಹೇಳುತ್ತದೆ. ಟ್ರೈನಿ ಎಂಬ ಕುಟುಕಿಗೂ ಉತ್ತರ ಕೊಡಲಿಲ್ಲ. ಅದು ಮಾತ್ರ ಸುಲಭವಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ರಿಪ್ಲೈ ಆಲ್ ಒತ್ತಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ದೂರು ಓದಿದವರೆಲ್ಲ ಉತ್ತರವನ್ನೂ ಓದಬೇಕು, ಹಾಗಾಗಿ ಮೊದಲ ಉತ್ತರ ಎಲ್ಲರಿಗೂ ಹೋಗುವುದೇ ಸರಿ. ಒಬ್ಬರಿಗೇ ಕಳಿಸಿದರೆ ಉಳಿದವರ ಮನಸ್ಸಿನಲ್ಲಿ ದೂರೇ ಉಳಿಯುತ್ತದೆ. ಆದರೆ ಎಲ್ಲರಿಗೂ ಒಂದೇ ಸಲ ಸಾಕು. ಆಮೇಲೂ ಮೇಲ್ ಬಂದರೆ ಎದ್ದು ಅವರ ಟೇಬಲ್‌ಗೆ ಹೋಗುವುದು, ಮಾತಾಡಿದ ಮೇಲೆ ಏನು ತೀರ್ಮಾನವಾಯಿತು ಅಂತ ಎರಡು ಸಾಲು ಬರೆದು ಕಳಿಸುವುದು. ನಮ್ಮ ಕಡೆಯಿಂದ ಇನ್ನೊಬ್ಬ ಸಾಹೇಬರನ್ನು ಸೇರಿಸಿದರೆ ಮಾತ್ರ ಕಿಚ್ಚಿಗೆ ತುಪ್ಪ. ಗುಟ್ಟಾಗಿ ಬಿಸಿಸಿ ಹಾಕುವುದು ಇನ್ನೂ ಅಪಾಯ. ಆ ವ್ಯಕ್ತಿ ಮರೆತು ರಿಪ್ಲೈ ಆಲ್ ಒತ್ತಿದರೆ ಗುಟ್ಟು ರಟ್ಟು.

ಸಿಸಿ ಇದ್ದ ಮಾತ್ರಕ್ಕೆ ಅವಮಾನ ಅಂದುಕೊಳ್ಳಬೇಕಿಲ್ಲ. ಮೇಲಿನವರು ನಿರ್ಧರಿಸಬೇಕಾದ ವಿಷಯ ಅದರಲ್ಲಿದ್ದರೆ ಅದು ನಿಜವಾಗಿಯೂ ಮಾಹಿತಿಗಾಗಿ. ಇಬ್ಬರ ನಡುವಿನ ಮೇಲ್‌ಗೆ ಮಧ್ಯದಲ್ಲಿ ಹೊಸ ಹೆಸರು ಸೇರಿ, ಜೊತೆಗೆ ‘ಎಷ್ಟು ಸಲ ಹೇಳಿದರೂ’ ಎಂಬ ಧಾಟಿ ಬಂದರೆ ಅನುಮಾನಿಸಬಹುದು. ಇನ್ನು ಜಾತಿ ಎತ್ತಿ, ಹೆಣ್ಣೆಂದು ಹೀಯಾಳಿಸಿ ಬರೆದ ಮೇಲ್‌ಗೆ ಈ ವಿಧಾನ ಸಲ್ಲದು. ಅದನ್ನು ಅಳಿಸದೆ ಎಚ್‌ಆರ್‌ಗೆ ಕೊಡಬೇಕು. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಪ್ರಕಾರದ ಆಂತರಿಕ ಸಮಿತಿ ಇದೆ.

ಪೂರ್ತಿ ರಿಪೋರ್ಟ್ 3:50ಕ್ಕೆ ಕಳಿಸಿದೆ. ‘ತಲುಪಿತು’ ಅಂತ ಒಂದೇ ಪದದ ಉತ್ತರ ಬಂತು, ಸಿಸಿ ಇರಲಿಲ್ಲ. ಮರುದಿನ ಕ್ಯಾಂಟೀನ್‌ನಲ್ಲಿ ಅವರೇ ಸಿಕ್ಕರು. ‘ನಿನ್ನೆ ಮುಂಜಾನಿಯಿಂದ ಲಾರಿಯಂವ ಗೇಟಿನ್ಯಾಗ ನಿಂತಿದ್ದ. ನಮ್ಮ ಸಾಹೇಬ್ರು ನನಗ ಬೈದ್ರು, ನಾ ನಿನಗ ಬರದೆ’ ಅಂದರು. ಚಹಾದ ರೊಕ್ಕ ಅವರೇ ಕೊಟ್ಟರು.