ಬಾಂಡಿನ ಕ್ರೆಡಿಟ್ ಸ್ಪ್ರೆಡ್ ಅಳೆಯುವ ಬಗೆ

ಕಂಪನಿಯೊಂದರ ಬಾಂಡು ಅಷ್ಟೇ ಅವಧಿಯ ಸರ್ಕಾರಿ ಬಾಂಡಿಗಿಂತ ಎಷ್ಟು ಹೆಚ್ಚು ಇಳುವರಿ ಕೊಡುತ್ತದೆಯೋ ಆ ಅಂತರವೇ ಕ್ರೆಡಿಟ್ ಸ್ಪ್ರೆಡ್. ಸರ್ಕಾರ ರೂಪಾಯಿಯಲ್ಲಿ ಎತ್ತಿದ ಸಾಲವನ್ನು ತೀರಿಸುವುದರಲ್ಲಿ ಅನುಮಾನವಿಲ್ಲ ಎಂದು ಮಾರುಕಟ್ಟೆ ನಂಬುತ್ತದೆ. ಕಂಪನಿಯ ವಿಷಯದಲ್ಲಿ ಆ ಭರವಸೆ ಪೂರ್ತಿ ಇರುವುದಿಲ್ಲ, ಆದ್ದರಿಂದ ಹೂಡಿಕೆದಾರರು ಹೆಚ್ಚಿನ ಬಡ್ಡಿ ಕೇಳುತ್ತಾರೆ. ಈ ಅಂತರವನ್ನು ಬೇಸಿಸ್ ಪಾಯಿಂಟುಗಳಲ್ಲಿ ಹೇಳುವುದು ರೂಢಿ. ಶೇಕಡಾ 1 ಎಂದರೆ 100 ಪಾಯಿಂಟು. ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದರೆ ಮುಗಿಯಿತು ಎನ್ನಿಸುತ್ತದೆ. ಆದರೆ ಯಾವುದರಿಂದ ಯಾವುದನ್ನು ಕಳೆಯಬೇಕು ಎಂಬುದರಲ್ಲೇ ಕಷ್ಟವಿದೆ, ಮತ್ತು ಭಾರತದ ಮಾರುಕಟ್ಟೆಯಲ್ಲಿ ಆ ಕಷ್ಟ ಸ್ವಲ್ಪ ಹೆಚ್ಚು.

ಲೆಕ್ಕಕ್ಕಾಗಿ ಒಂದು ಬಾಂಡನ್ನು ಊಹಿಸಿಕೊಳ್ಳಬಹುದು. ಮುಖಬೆಲೆ ₹100, ವರ್ಷಕ್ಕೊಮ್ಮೆ ಶೇ. 8 ಬಡ್ಡಿ, ಅಸಲು ಕೈಗೆ ಬರಲು ಸರಿಯಾಗಿ 4 ವರ್ಷ ಬಾಕಿ, ರೇಟಿಂಗ್ ‘ಎಎಎ’, ಮಾರುಕಟ್ಟೆಯ ಬೆಲೆ ₹101.67. ಮುಂದೆ ಬರುವ ನಾಲ್ಕು ವರ್ಷದ ಬಡ್ಡಿ ಮತ್ತು ಅಸಲನ್ನು ಯಾವ ಒಂದೇ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ₹101.67 ಸಿಗುತ್ತದೆಯೋ ಅದೇ ಈ ಬಾಂಡಿನ ಇಳುವರಿ. ಇಲ್ಲಿ ಅದು ಶೇ. 7.50. ಅದೇ ದಿನ ಸರ್ಕಾರಿ ಬಾಂಡುಗಳ ಇಳುವರಿ 3 ವರ್ಷಕ್ಕೆ ಶೇ. 6.40, 5 ವರ್ಷಕ್ಕೆ 6.60, 10 ವರ್ಷಕ್ಕೆ 6.90 ಇದೆ ಎಂದಿಟ್ಟುಕೊಳ್ಳೋಣ.

ಪತ್ರಿಕೆಗಳಲ್ಲಿ ದಿನವೂ ಕಾಣುವುದು 10 ವರ್ಷದ ಸರ್ಕಾರಿ ಬಾಂಡಿನ ದರ. ಅದನ್ನೇ ಕಳೆದರೆ ಸ್ಪ್ರೆಡ್ 60 ಪಾಯಿಂಟು ಬರುತ್ತದೆ. ಇದು ತಪ್ಪು. ದೀರ್ಘಾವಧಿಗೆ ಸರ್ಕಾರವೂ ಹೆಚ್ಚು ಬಡ್ಡಿ ಕೊಡುತ್ತದೆ. ಹೀಗಾಗಿ ಅವಧಿಯ ವ್ಯತ್ಯಾಸವೂ ಕಂಪನಿಯ ಸಾಲದ ಅಪಾಯವೂ ಒಂದೇ ಸಂಖ್ಯೆಯಲ್ಲಿ ಬೆರೆತುಹೋಗಿವೆ. ಹೋಲಿಕೆ ನಡೆಯಬೇಕಾದದ್ದು 4 ವರ್ಷದ ಸರ್ಕಾರಿ ದರದೊಂದಿಗೆ. ಸರಿಯಾಗಿ 4 ವರ್ಷ ಬಾಕಿಯಿರುವ ಸರ್ಕಾರಿ ಬಾಂಡು ಆ ದಿನ ವಹಿವಾಟಾಗದೆ ಇರಬಹುದು. ಆಗ 3 ಮತ್ತು 5 ವರ್ಷದ ದರಗಳ ನಡುವಿನ ಬಿಂದುವನ್ನು, ಅಂದರೆ ಶೇ. 6.50 ಅನ್ನು, ತೆಗೆದುಕೊಳ್ಳುತ್ತಾರೆ. ಈಗ ಸ್ಪ್ರೆಡ್ 100 ಪಾಯಿಂಟು.

ಇದೂ ಸರಿಯಾದ ಉತ್ತರವಲ್ಲ. ಭಾರತ ಸರ್ಕಾರದ ಬಾಂಡುಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ, ಅವುಗಳ ಇಳುವರಿಯನ್ನೂ ಅರ್ಧವಾರ್ಷಿಕ ಲೆಕ್ಕದಲ್ಲೇ ಹೇಳುತ್ತಾರೆ. ಕಂಪನಿ ಬಾಂಡುಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಕೊಡುತ್ತವೆ. ಅರ್ಧವಾರ್ಷಿಕ ಶೇ. 6.50 ಎಂದರೆ ಆರು ತಿಂಗಳಿಗೆ 3.25, ಮೊದಲ ಕಂತಿನ ಮೇಲೆ ಮುಂದಿನ ಆರು ತಿಂಗಳು ಬಡ್ಡಿ ಸೇರಿದರೆ ವರ್ಷದ ನಿಜವಾದ ಗಳಿಕೆ ಹೀಗಾಗುತ್ತದೆ:

(1 + 0.0325)² − 1 = 0.0661

ಅಂದರೆ ಶೇ. 6.61. ಎರಡೂ ದರಗಳು ಒಂದೇ ಅಳತೆಗೋಲಿಗೆ ಬಂದ ಮೇಲೆ ಸ್ಪ್ರೆಡ್ 89 ಪಾಯಿಂಟು. ಪರಿವರ್ತನೆ ಮರೆತರೆ ಕಂಪನಿಯ ಅಪಾಯಕ್ಕೆ 11 ಪಾಯಿಂಟು ಸುಮ್ಮನೆ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ‘ಎಎಎ’ ಬಾಂಡುಗಳ ವ್ಯಾಪಾರದಲ್ಲಿ ಎರಡು ಮೂರು ಪಾಯಿಂಟಿಗೂ ಚೌಕಾಸಿ ನಡೆಯುವುದರಿಂದ ಇದು ಸಣ್ಣ ತಪ್ಪಲ್ಲ. ಅನುಮಾನವಿದ್ದಾಗ ಪತ್ತೆ ಹಚ್ಚುವುದು ಸುಲಭ: ದರ ಏರಿದಂತೆ ಈ 11 ಪಾಯಿಂಟಿನ ದೋಷವೂ ಬೆಳೆಯುತ್ತದೆ, ಶೇ. 8ರ ಅರ್ಧವಾರ್ಷಿಕ ದರದಲ್ಲಿ ಅದು 16 ಆಗುತ್ತದೆ. ಕಂಪನಿಯ ಬಗ್ಗೆ ಯಾವ ಸುದ್ದಿಯೂ ಇಲ್ಲದೆ ಬಡ್ಡಿದರದ ಜೊತೆಗೇ ಸ್ಪ್ರೆಡ್ ಮೆಲ್ಲನೆ ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಪರಿವರ್ತನೆಯನ್ನು.

ಇನ್ನೊಂದು ಹೆಜ್ಜೆ ಉಳಿದಿದೆ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷದ ₹8ನ್ನೂ ನಾಲ್ಕನೇ ವರ್ಷದ ₹108ನ್ನೂ ಒಂದೇ ದರದಲ್ಲಿ ಇಳಿಸಲಾಗಿದೆ. ಆದರೆ ಒಂದು ವರ್ಷದ ಹಣಕ್ಕೂ ನಾಲ್ಕು ವರ್ಷದ ಹಣಕ್ಕೂ ಬೆಲೆ ಬೇರೆ. ಆದ್ದರಿಂದ ಮಧ್ಯೆ ಯಾವ ಬಡ್ಡಿಯೂ ಇಲ್ಲದೆ ಕೊನೆಯಲ್ಲಿ ಒಂದೇ ಬಾರಿ ಹಣ ಬರುವ ‘ಝೀರೋ ಕೂಪನ್’ ದರಗಳ ರೇಖೆಯನ್ನು ಬಳಸುತ್ತಾರೆ. ಉದಾಹರಣೆಯಲ್ಲಿ ಅವು ಒಂದರಿಂದ ನಾಲ್ಕು ವರ್ಷಕ್ಕೆ ಕ್ರಮವಾಗಿ ಶೇ. 6.20, 6.35, 6.52 ಮತ್ತು 6.63 ಎಂದಿರಲಿ. ಆಯಾ ವರ್ಷದ ಹಣವನ್ನು ಆಯಾ ದರದಲ್ಲಿ ಇಳಿಸಿ ಕೂಡಿದರೆ ₹104.77 ಬರುತ್ತದೆ, ಸರ್ಕಾರವೇ ಈ ಬಾಂಡು ಹೊರಡಿಸಿದ್ದರೆ ಇರಬಹುದಾಗಿದ್ದ ಬೆಲೆ ಅದು. ಮಾರುಕಟ್ಟೆಯ ಬೆಲೆ ಅದಕ್ಕಿಂತ ₹3.10 ಕಡಿಮೆ. ಈಗ ನಾಲ್ಕೂ ದರಗಳಿಗೆ ಒಂದೇ ಪ್ರಮಾಣದ ಹೆಚ್ಚಳ ಸೇರಿಸುತ್ತ ಹೋಗಿ, ಮೊತ್ತ ₹101.67ಕ್ಕೆ ಇಳಿಯುವಲ್ಲಿ ನಿಲ್ಲಿಸಬೇಕು. ಆ ಹೆಚ್ಚಳ ಸುಮಾರು 90 ಪಾಯಿಂಟು. ಇದಕ್ಕೆ ಝೆಡ್-ಸ್ಪ್ರೆಡ್ ಎನ್ನುತ್ತಾರೆ. ಇಲ್ಲಿ ಸರಳ ಲೆಕ್ಕಕ್ಕೂ ಇದಕ್ಕೂ ಒಂದೇ ಪಾಯಿಂಟಿನ ವ್ಯತ್ಯಾಸ, ಏಕೆಂದರೆ ಅವಧಿ ಚಿಕ್ಕದು, ರೇಖೆಯ ಏರು ಸೌಮ್ಯ, ಅಸಲು ಒಟ್ಟಿಗೆ ಬರುತ್ತದೆ. ಅಸಲನ್ನು ವರ್ಷವರ್ಷವೂ ಕಂತಿನಲ್ಲಿ ತೀರಿಸುವ ಬಾಂಡಾದರೆ ಸರಳ ಲೆಕ್ಕವನ್ನು ನಂಬುವಂತಿಲ್ಲ.

ರೇಖೆಯನ್ನು ಪ್ರತಿಯೊಬ್ಬರೂ ತಾವೇ ಎಳೆಯಬೇಕಾಗಿಲ್ಲ. ಭಾರತದಲ್ಲಿ 2018ರ ಮಾರ್ಚ್ 31ರಿಂದ ಸರ್ಕಾರಿ ಬಾಂಡುಗಳ ಮೌಲ್ಯನಿರ್ಣಯದ ಹೊಣೆ ಹೊತ್ತಿರುವ ಎಫ್‌ಬಿಐಎಲ್ ಸಂಸ್ಥೆ ಈ ದರಗಳನ್ನು ಪ್ರಕಟಿಸುತ್ತದೆ. ಅದಕ್ಕೆ ಮೊದಲು ಆ ಕೆಲಸ ಫಿಮ್ಡಾದ್ದಾಗಿತ್ತು. ಒಂದೇ ಒಂದು ಸರ್ಕಾರಿ ಬಾಂಡಿನ ಬದಲು ಇಡೀ ರೇಖೆಯನ್ನು ಆಧಾರವಾಗಿಟ್ಟುಕೊಳ್ಳುವುದು ಮೇಲು. ವಹಿವಾಟು ಹೆಚ್ಚಿರುವ ಒಂದು ಬಾಂಡಿಗೆ ಬೇಡಿಕೆ ಬಂದು ಅದರ ಇಳುವರಿ ಕುಸಿದರೆ, ಏನೂ ಮಾಡದ ಕಂಪನಿಯ ಸ್ಪ್ರೆಡ್ ಏರಿದಂತೆ ಕಾಣುತ್ತದೆ.

ಕಷ್ಟ ಹೆಚ್ಚಿರುವುದು ಕಂಪನಿ ಬಾಂಡಿನ ಬೆಲೆಯಲ್ಲಿ. ಅನೇಕ ಬಾಂಡುಗಳು ವಾರಗಟ್ಟಲೆ ಕೈ ಬದಲಾಗುವುದಿಲ್ಲ. ಹದಿನೈದು ದಿನ ಹಿಂದಿನ ಬೆಲೆಯನ್ನು ಇಂದಿನ ಸರ್ಕಾರಿ ರೇಖೆಗೆ ಹೋಲಿಸಿದರೆ ಆ ನಡುವೆ ಬಡ್ಡಿದರದಲ್ಲಾದ ಏರಿಳಿತವೆಲ್ಲ ಸ್ಪ್ರೆಡ್ಡಿನ ವೇಷದಲ್ಲಿ ಬರುತ್ತದೆ. ಬೆಲೆ ಯಾವ ದಿನದ್ದೋ ರೇಖೆಯೂ ಅದೇ ದಿನದ್ದಾಗಿರಬೇಕು. ವಹಿವಾಟೇ ಇಲ್ಲದಾಗ ರೇಟಿಂಗ್ ಮತ್ತು ಅವಧಿಯ ಪ್ರಕಾರ ಸಿದ್ಧಪಡಿಸಿದ ಸ್ಪ್ರೆಡ್ ಕೋಷ್ಟಕದಿಂದ ಬೆಲೆ ಕಟ್ಟುವ ಪದ್ಧತಿ ಇದೆ. ಹಾಗೆ ಕಟ್ಟಿದ ಬೆಲೆಯಿಂದ ಸ್ಪ್ರೆಡ್ ಲೆಕ್ಕ ಹಾಕಿದರೆ ಕೋಷ್ಟಕದಲ್ಲಿದ್ದ ಸಂಖ್ಯೆಯೇ ವಾಪಸು ಸಿಗುತ್ತದೆ, ಕಂಪನಿಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಐಎಲ್&ಎಫ್‌ಎಸ್ 2018ರಲ್ಲಿ ಕೆಲವೇ ವಾರಗಳಲ್ಲಿ ‘ಎಎಎ’ಯಿಂದ ‘ಡಿ’ಗೆ, ಅಂದರೆ ಸುಸ್ತಿದಾರರ ದರ್ಜೆಗೆ, ಬಿತ್ತು. ರೇಟಿಂಗನ್ನೇ ನೆಚ್ಚಿದ ಕೋಷ್ಟಕ ಇಂಥ ಕುಸಿತವನ್ನು ಮುಂಚೆ ತೋರಿಸಲಾರದು.

ಸರಿಯಾಗಿ ಅಳೆದ 90 ಪಾಯಿಂಟೂ ಪೂರ್ತಿ ಸುಸ್ತಿಯ ಅಪಾಯಕ್ಕೆ ಸಲ್ಲುವುದಿಲ್ಲ. ಕಂಪನಿ ಸುಸ್ತಿಯಾದರೆ ನೂರಕ್ಕೆ ನಲವತ್ತು ರೂಪಾಯಿ ವಸೂಲಾಗುತ್ತದೆ ಎಂದು ಭಾವಿಸಿದರೆ ನಷ್ಟ ಅರವತ್ತು, 0.90ನ್ನು 0.60ರಿಂದ ಭಾಗಿಸಿದರೆ ವರ್ಷಕ್ಕೆ ಶೇ. 1.5ರಷ್ಟು ಸುಸ್ತಿ ಸಾಧ್ಯತೆ ಬರುತ್ತದೆ. ‘ಎಎಎ’ ಕಂಪನಿಗಳು ಇಷ್ಟು ಪ್ರಮಾಣದಲ್ಲಿ ಸುಸ್ತಿಯಾಗುವುದಿಲ್ಲ. ಉಳಿದ ಪಾಲು ಬೇಕೆಂದಾಗ ಮಾರಲಾಗದ ಕಷ್ಟಕ್ಕೆ ಸಿಗುವ ಪರಿಹಾರ. ಜೊತೆಗೆ, ಬ್ಯಾಂಕುಗಳು ಠೇವಣಿಯ ಒಂದು ಭಾಗವನ್ನು ಎಸ್‌ಎಲ್‌ಆರ್ ನಿಯಮದ ಪ್ರಕಾರ ಮುಖ್ಯವಾಗಿ ಸರ್ಕಾರಿ ಬಾಂಡುಗಳಲ್ಲೇ ಇಡಬೇಕಾಗಿರುವುದರಿಂದ ಸರ್ಕಾರದ ದರವೇ ಸ್ವಲ್ಪ ಕೆಳಗಿರುತ್ತದೆ. ಆದ್ದರಿಂದ ಸ್ಪ್ರೆಡ್ಡನ್ನು ನೇರವಾಗಿ ಸುಸ್ತಿಯ ಸಾಧ್ಯತೆ ಎಂದು ಓದುವುದು ಸಲ್ಲ. ಒಂದೇ ರೇಟಿಂಗ್, ಒಂದೇ ಅವಧಿಯ ಎರಡು ಕಂಪನಿಗಳನ್ನು ಒಂದೇ ದಿನದ ರೇಖೆಯ ಮೇಲೆ ಹೋಲಿಸಲು ಅದು ಹೆಚ್ಚು ನಂಬಬಹುದಾದ ಅಳತೆ.