ಕೇಳದ ಪ್ಯಾಕಿಗೆ ದುಡ್ಡು: ಪುರಾವೆ ಕೊಡಬೇಕಾದವರು ಯಾರು?

ದಾವಣಗೆರೆಯ ಶಿಕ್ಷಕಿಯೊಬ್ಬರ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ‘ಗೇಮ್ಸ್ ಪ್ಯಾಕ್ – ₹99’ ಎಂಬ ಸಾಲು ಬಂದಿದೆ ಎಂದಿಟ್ಟುಕೊಳ್ಳಿ. ಅವರು ಅದನ್ನು ಕೇಳಿಯೇ ಇರಲಿಲ್ಲ. ಶೇ. 18 ಜಿಎಸ್‌ಟಿ ಸೇರಿ ಹೋದದ್ದು ₹116.82. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬರೆಯುವ ಇಮೇಲ್‌ನಲ್ಲಿ ‘ನಾನು ಹಾಕಿಸಿಕೊಂಡಿಲ್ಲ, ದಯವಿಟ್ಟು ವಾಪಸ್ ಕೊಡಿ’ ಎಂಬ ಬೇಡಿಕೆಯಷ್ಟೇ ಇರುತ್ತದೆ. ‘ನಮ್ಮ ಸಿಸ್ಟಂನಲ್ಲಿ ಆಕ್ಟಿವೇಟ್ ಆಗಿದೆ’ ಎಂಬ ಒಂದೇ ಸಾಲಿನ ಉತ್ತರಕ್ಕೆ ಅದು ದಾರಿ ಮಾಡಿಕೊಡುತ್ತದೆ.

ನಿಯಮ ಗ್ರಾಹಕರ ಪರವಾಗಿದೆ. ಗೇಮ್ಸ್, ಕಾಲರ್ ಟ್ಯೂನ್, ಜ್ಯೋತಿಷ್ಯದಂಥ ಮೌಲ್ಯವರ್ಧಿತ ಸೇವೆಗಳನ್ನು ಶುರು ಮಾಡುವ ಮುನ್ನ ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದು ಟ್ರಾಯ್ 2013ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ಪರದೆಯ ಮೇಲೆ ಒಮ್ಮೆ ಕೈ ತಾಗಿದ್ದು ಸಾಲದು. ಗ್ರಾಹಕರು ಎರಡನೆಯ ಸಲವೂ ಸ್ಪಷ್ಟವಾಗಿ ಹೂಂ ಎನ್ನಬೇಕು.

ಹಾಗಾಗಿ ಶಿಕ್ಷಕಿಯ ಇಮೇಲ್ ಕೇಳಬೇಕಾದದ್ದು ದಾಖಲೆಯನ್ನು. ಬಿಲ್ ಸಂಖ್ಯೆ, ಮೊಬೈಲ್ ನಂಬರು, ಬಿಲ್ಲಿನಲ್ಲಿ ಅಚ್ಚಾದಂತೆಯೇ ಪ್ಯಾಕಿನ ಹೆಸರು, ಇವಿಷ್ಟನ್ನು ಮೊದಲು ಬರೆದು ನೇರ ವಿಷಯಕ್ಕೆ ಬರಬೇಕು:

‘ಈ ಸೇವೆಗೆ ನಾನು ಒಪ್ಪಿಗೆ ಕೊಟ್ಟಿಲ್ಲ. ಒಪ್ಪಿಗೆ ಪಡೆದಿದ್ದರೆ ಮೊದಲ ಮತ್ತು ಎರಡನೆಯ ಒಪ್ಪಿಗೆಯ ದಿನಾಂಕ, ಸಮಯ, ಪಡೆದ ವಿಧಾನವನ್ನು ತಿಳಿಸಿ. ದಾಖಲೆ ಇಲ್ಲದಿದ್ದರೆ ಸೇವೆಯನ್ನು ನಿಲ್ಲಿಸಿ, ತೆರಿಗೆ ಸೇರಿ ₹116.82 ಹಿಂದಿರುಗಿಸಿ. ದೂರಿನ ಡಾಕೆಟ್ ಸಂಖ್ಯೆ ಕಳಿಸಿ.’

ತೆರಿಗೆಯನ್ನು ಸೇರಿಸಿ ಕೇಳುವುದನ್ನು ಬಹಳಷ್ಟು ಜನ ಮರೆಯುತ್ತಾರೆ. ತಕರಾರಿಲ್ಲದ ಉಳಿದ ಮೊತ್ತವನ್ನು ಕಟ್ಟಿ, ಕಟ್ಟಿರುವುದಾಗಿ ಇಮೇಲ್‌ನಲ್ಲೇ ಬರೆಯುವುದು ಜಾಣತನ. ಪೂರ್ತಿ ಬಿಲ್ ತಡೆಹಿಡಿದರೆ ಸಂಪರ್ಕವೇ ಕಡಿತವಾಗಬಹುದು.

ಇಮೇಲ್ ಕಳಿಸುವ ಮೊದಲೇ 155223ಕ್ಕೆ ಕರೆ ಮಾಡಿ ಸೇವೆಯನ್ನು ನಿಲ್ಲಿಸಬೇಕು. ಕರೆ ಉಚಿತ. ಆಕ್ಟಿವೇಟ್ ಆದ 24 ಗಂಟೆಯೊಳಗೆ ಹೇಳಿದರಂತೂ ಹಣ ವಾಪಸ್ ಪಡೆಯುವುದು ಬಹಳ ಸಲೀಸು. ಹಾಗೆಯೇ ಮನೆಯ ಮಕ್ಕಳು ಆಟದ ನಡುವೆ ಬಂದ ಮೆಸೇಜಿಗೆ ಉತ್ತರ ಒತ್ತಿದ್ದಾರೆಯೇ ಎಂದೂ ಒಮ್ಮೆ ನೋಡಬೇಕು. ಒತ್ತಿದ್ದರೆ ಕಂಪನಿಯ ದಾಖಲೆಯಲ್ಲಿ ಅದು ಇರುತ್ತದೆ, ವಾದ ಅಲ್ಲೇ ಬಿದ್ದುಹೋಗುತ್ತದೆ.

ಡಾಕೆಟ್ ಸಂಖ್ಯೆ ಇಲ್ಲದ ದೂರು ಮುಂದೆ ಸಾಗುವುದು ಕಷ್ಟ. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ಟ್ರಾಯ್ ಬಿಡಿ ಗ್ರಾಹಕರ ದೂರುಗಳನ್ನು ತಾನೇ ವಿಚಾರಿಸುವುದಿಲ್ಲ, ಆದ್ದರಿಂದ ಅಲ್ಲಿಗೆ ಬರೆದು ಕಾಯುವುದರಲ್ಲಿ ಫಲವಿಲ್ಲ.

ಅಲ್ಲೂ ಪರಿಹಾರ ಸಿಗದವರಿಗೆ ಗ್ರಾಹಕರ ಆಯೋಗವಿದೆ. ತಿಂಗಳಿಗೆ ಸರಾಸರಿ ₹555 ಬಿಲ್ ಬರುತ್ತಿದ್ದ ಗ್ರಾಹಕರೊಬ್ಬರಿಗೆ 2013ರಲ್ಲಿ ₹24,609 ಬಿಲ್ ಬಂದಿತ್ತು. ಇಂಥ ದೂರನ್ನು ಕೇಳುವ ಅಧಿಕಾರ ಗ್ರಾಹಕ ವೇದಿಕೆಗೆ ಇಲ್ಲ ಎಂದು ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ವಾದಿಸಿತು. 2022ರ ಫೆಬ್ರವರಿಯಲ್ಲಿ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು.