ಮೊದಲ ಕಥೆಗೆ ಮರಳುವ ಕೊನೆಯ ಮಾತು

ನಮ್ಮ ಸಭೆಗಳಲ್ಲಿ ಭಾಷಣ ಮುಗಿಯುವುದು ಬಹುಮಟ್ಟಿಗೆ ಎರಡೇ ರೀತಿಯಲ್ಲಿ. ಒಂದೋ ವೇದಿಕೆಯ ಮೇಲಿಂದ ಚೀಟಿ ಬರುತ್ತದೆ, ಇಲ್ಲವೇ ಭಾಷಣಕಾರರೇ "ಅವಕಾಶ ಮಾಡಿಕೊಟ್ಟ ಎಲ್ಲರಿಗೂ ವಂದಿಸುತ್ತಾ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ" ಎನ್ನುತ್ತಾರೆ. ಕೇಳುಗರು ಚಪ್ಪಾಳೆ ತಟ್ಟುತ್ತಾರೆ. ಮಾತು ನಿಂತಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಮುಗಿಯಿತು ಎಂದು ಅನ್ನಿಸುವುದಿಲ್ಲ.

ಪುಸ್ತಕ ಓದುವವರಿಗೆ ಇನ್ನೆಷ್ಟು ಪುಟ ಉಳಿದಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಭಾಷಣ ಕೇಳುವವರಿಗೆ ಆ ಸೌಲಭ್ಯವಿಲ್ಲ. ದಡ ಹತ್ತಿರ ಬಂತು ಎಂಬುದನ್ನು ಮಾತಿನೊಳಗಿಂದಲೇ ಅವರಿಗೆ ತಿಳಿಸಬೇಕು. ಹರಿಕಥೆಯ ದಾಸರು ಇದನ್ನು ಚೆನ್ನಾಗಿ ಬಲ್ಲವರು. ಪೀಠಿಕೆಯಲ್ಲಿ ಒಂದು ತತ್ತ್ವವನ್ನು ಎತ್ತಿಕೊಂಡು, ಕಥೆಯನ್ನೆಲ್ಲ ನಡೆಸಿ, ಆ ತತ್ತ್ವಕ್ಕೇ ಬಂದು ತಲುಪಿ ಮಂಗಳ ಹಾಡುತ್ತಾರೆ. ಮೊದಲು ಕೇಳಿದ್ದು ಮತ್ತೆ ಕಿವಿಗೆ ಬಿದ್ದ ಕೂಡಲೇ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಆರಂಭದ ಕಥೆಗೆ ಕೊನೆಯಲ್ಲಿ ಮರಳುವ ಈ ಉಪಾಯವನ್ನು ಭಾಷಣ ಕಲಿಸುವ ತರಗತಿಗಳಲ್ಲೂ ಹೇಳಿಕೊಡುತ್ತಾರೆ. ಆದರೆ ಅಲ್ಲಿ ಕಲಿತವರಲ್ಲಿ ಹಲವರು ಮೊದಲು ಹೇಳಿದ ಕಥೆಯನ್ನೇ ಕೊನೆಯಲ್ಲಿ ಇನ್ನೊಮ್ಮೆ ಹೇಳಿಬಿಡುತ್ತಾರೆ. ಅದು ಮರಳುವುದಲ್ಲ, ಬರೀ ಪುನರುಕ್ತಿ. ಈ ವ್ಯತ್ಯಾಸ ಅರ್ಥವಾಗಬೇಕಾದರೆ ಒಂದು ಭಾಷಣವನ್ನು ಬಿಚ್ಚಿ ನೋಡಬೇಕು.

1968ರ ಏಪ್ರಿಲ್ 3ರ ರಾತ್ರಿ ಅಮೆರಿಕದ ಮೆಂಫಿಸ್ ನಗರದ ಮೇಸನ್ ಟೆಂಪಲ್ ಎಂಬ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತನಾಡಿದರು. ಊರಿನ ಕಪ್ಪು ಜನಾಂಗದ ಪೌರಕಾರ್ಮಿಕರು ಫೆಬ್ರವರಿಯಿಂದ ಮುಷ್ಕರ ಹೂಡಿದ್ದರು. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತದ್ದು ಆ ಮುಷ್ಕರದ ಕಿಡಿ. ಅಂದು ಬಿರುಗಾಳಿ ಮಳೆ. ಜನ ಬಂದಾರೆಂಬ ನಂಬಿಕೆಯಿಲ್ಲದೆ ಕಿಂಗ್ ಮೋಟೆಲಿನಲ್ಲೇ ಉಳಿದು, ಗೆಳೆಯ ರಾಲ್ಫ್ ಅಬರ್ನಥಿಯವರನ್ನು ಸಭೆಗೆ ಕಳಿಸಿದ್ದರು. ಬಂದಿದ್ದ ಜನರನ್ನು ಕಂಡು ಅಬರ್ನಥಿ ಫೋನ್ ಮಾಡಿ ಕರೆಸಿಕೊಂಡರು. ಕೈಯಲ್ಲಿ ಬರೆದ ಭಾಷಣವಿಲ್ಲದೆ ಕಿಂಗ್ ಸುಮಾರು ಮುಕ್ಕಾಲು ಗಂಟೆ ಮಾತನಾಡಿದರು.

ಅಬರ್ನಥಿ ಮಾಡಿಕೊಟ್ಟ ಪರಿಚಯಕ್ಕೆ ತಮಾಷೆಯಾಗಿ ಕೃತಜ್ಞತೆ ಹೇಳಿ, ಬಿರುಗಾಳಿಯಲ್ಲೂ ಬಂದವರನ್ನು ನೆನೆದು, ಕೂಡಲೇ ಅವರು ಒಂದು ಕಲ್ಪನೆಗೆ ಇಳಿದರು. ಕಾಲದ ಮೊದಲಲ್ಲಿ ನಾನು ನಿಂತಿದ್ದೇನೆ, ಮನುಷ್ಯ ಚರಿತ್ರೆಯೆಲ್ಲ ಎದುರಿಗೆ ಹರಡಿದೆ, ಯಾವ ಕಾಲದಲ್ಲಿ ಬದುಕಲು ನಿನಗೆ ಇಷ್ಟ ಎಂದು ದೇವರು ಕೇಳುತ್ತಾನೆ ಎಂದುಕೊಳ್ಳಿ. ನಾನು ಈಜಿಪ್ಟಿಗೆ ಹೋಗಿ, ದಾಸ್ಯದಿಂದ ಬಿಡುಗಡೆಯಾದ ಜನ ಕೆಂಪು ಸಮುದ್ರ ದಾಟಿ, ಮರಳುಗಾಡು ಹಾದು ವಾಗ್ದಾನದ ನಾಡಿನತ್ತ ನಡೆಯುವುದನ್ನು ನೋಡುತ್ತೇನೆ; ಆದರೆ ಅಲ್ಲಿ ನಿಲ್ಲುವುದಿಲ್ಲ. ಹಾಗೆಯೇ ಗ್ರೀಸಿನ ತತ್ತ್ವಜ್ಞಾನಿಗಳು, ರೋಮ್ ಸಾಮ್ರಾಜ್ಯ, ಪುನರುಜ್ಜೀವನ ಕಾಲ, ತಮಗೆ ಹೆಸರು ಕೊಟ್ಟ ಮಾರ್ಟಿನ್ ಲೂಥರ್, 1863ರ ಲಿಂಕನ್, ಆಮೇಲೆ ರೂಸ್‌ವೆಲ್ಟ್. ಪ್ರತಿ ತಾಣದಲ್ಲೂ ಅದೇ ಪಲ್ಲವಿ: ಅಲ್ಲಿ ನಿಲ್ಲುವುದಿಲ್ಲ. ಕಡೆಗೆ ದೇವರನ್ನು ಕೇಳಿಕೊಳ್ಳುತ್ತಾರೆ: ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವೇ ಕೆಲವು ವರ್ಷ ಬದುಕಲು ಬಿಟ್ಟರೆ ಸಾಕು, ನಾನು ಸಂತೋಷವಾಗಿರುತ್ತೇನೆ.

ಇಲ್ಲಿ ಕಿಂಗ್ ಬಿಡಿಸದೆ ಉಳಿಸಿದ ಗಂಟುಗಳು ಮೂರು. ವಾಗ್ದಾನದ ನಾಡಿನತ್ತ ಹೊರಟ ಜನ ತಲುಪಿದರೇ ಇಲ್ಲವೇ ಎಂಬುದನ್ನು ಅವರು ಹೇಳಲಿಲ್ಲ. ಕೇಳಿದ ಆಯುಷ್ಯ ಬರೀ ಕೆಲವು ವರ್ಷದ್ದು. ಸಂತೋಷವಾಗಿರುತ್ತೇನೆ ಎಂಬುದೂ ಮುಂದಿನ ಮಾತಾಯಿತೇ ಹೊರತು ಈಗಿನದಲ್ಲ. ಮೊದಲ ಬಾರಿ ಕೇಳುವವರಿಗೆ ಇವು ಗಂಟುಗಳೆಂದೇ ತೋರುವುದಿಲ್ಲ. ಬೈಬಲ್ಲಿನ ಕಥೆಗಳನ್ನು ಬಾಯಿಪಾಠ ಬಲ್ಲ ಆ ಸಭೆಗೂ ಅದೊಂದು ಸೊಗಸಾದ ಪೀಠಿಕೆಯಾಗಿ ಮಾತ್ರ ಕೇಳಿಸಿರಬೇಕು.

ಆಮೇಲಿನ ಮಾತು ನೇರ ವ್ಯವಹಾರಕ್ಕೆ ಬರುತ್ತದೆ. ಕೋಕಾ ಕೋಲಾ ಕೊಳ್ಳಬೇಡಿ, ಸೀಲ್‌ಟೆಸ್ಟ್ ಹಾಲು ಬೇಡ, ವಂಡರ್ ಬ್ರೆಡ್ ಬೇಡ, ನಿಮ್ಮ ದುಡ್ಡನ್ನು ನಮ್ಮವರ ಟ್ರೈ-ಸ್ಟೇಟ್ ಬ್ಯಾಂಕಿನಲ್ಲಿಡಿ ಎನ್ನುತ್ತಾರೆ. ಜನ ಮರುದಿನ ಮಾಡಬೇಕಾದ ಕೆಲಸದ ಪಟ್ಟಿಯನ್ನು ಭಾಷಣದ ನಡುವಿನಲ್ಲೇ ಮುಗಿಸಿಬಿಟ್ಟದ್ದನ್ನು ಗಮನಿಸಬೇಕು. ನಮ್ಮಲ್ಲಾದರೆ ಚಂದಾ ಕೊಡಿ, ರಸೀದಿ ಪಡೆಯಿರಿ ಎಂಬುದು ಕೊನೆಗೇ ಬಂದು ಅಂಟಿಕೊಳ್ಳುತ್ತದೆ. ಬಳಿಕ ಒಳ್ಳೆಯ ಸಮಾರ್ಯದವನ ಕಥೆ. ಗಾಯಗೊಂಡು ಬಿದ್ದವನಿಗೆ ನೆರವಾದರೆ ನನಗೇನಾದೀತು ಎಂದು ಮೊದಲಿಬ್ಬರು ಯೋಚಿಸಿದರು, ನೆರವಾಗದಿದ್ದರೆ ಅವನಿಗೇನಾದೀತು ಎಂದು ಸಮಾರ್ಯದವನು ಯೋಚಿಸಿದ ಎಂದು ಪೌರಕಾರ್ಮಿಕರ ಪರವಾಗಿ ಆ ಕಥೆಯನ್ನು ತಿರುಗಿಸುತ್ತಾರೆ. ಸ್ವಂತ ಪ್ರಾಣದ ಲೆಕ್ಕ ಭಾಷಣದೊಳಗೆ ಕಾಲಿಡುವುದು ಇಲ್ಲಿಂದ.

ಕೊನೆಯ ಕೆಲವು ನಿಮಿಷಗಳಲ್ಲಿ ಮರಳುವಿಕೆ ಶುರುವಾಗುತ್ತದೆ. 1958ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಾಗ ಮಹಿಳೆಯೊಬ್ಬಳು ಅವರ ಎದೆಗೆ ಇರಿದಿದ್ದಳು. ಮೊನೆ ಮಹಾಧಮನಿಯ ಅಂಚಿನಲ್ಲಿ ನಿಂತಿತ್ತು. ಒಂದು ಸಲ ಸೀನಿದ್ದರೂ ಸಾಯುತ್ತಿದ್ದರು ಎಂದು ಪತ್ರಿಕೆಗಳು ಬರೆದವು. ನೀವು ಸೀನದೇ ಇದ್ದದ್ದಕ್ಕೆ ನನಗೆ ಸಂತೋಷ ಎಂದು ಶಾಲೆಯ ಬಿಳಿಯ ಹುಡುಗಿಯೊಬ್ಬಳು ಕಾಗದ ಬರೆದಳು. ಆ ಕಾಗದವನ್ನು ಹಿಡಿದು ಕಿಂಗ್ ಎರಡನೆಯ ಪಟ್ಟಿ ಕೊಡುತ್ತಾರೆ: ನಾನು ಸೀನಿದ್ದರೆ 1960ರ ವಿದ್ಯಾರ್ಥಿಗಳ ಧರಣಿಯನ್ನು ನೋಡುತ್ತಿರಲಿಲ್ಲ, 1963ರ ಬರ್ಮಿಂಗ್‌ಹ್ಯಾಮ್ ನೋಡುತ್ತಿರಲಿಲ್ಲ, ಸೆಲ್ಮಾ ನೋಡುತ್ತಿರಲಿಲ್ಲ, ಇಲ್ಲಿ ಮೆಂಫಿಸ್‌ನಲ್ಲಿ ಇರುತ್ತಿರಲಿಲ್ಲ. ಮೊದಲ ಪಟ್ಟಿ ಕಲ್ಪನೆಯಲ್ಲಿ ಸುತ್ತಿದ ಕಾಲಗಳದ್ದು, ಇದು ಬದುಕಿ ಕಂಡ ಕಾಲಗಳದ್ದು. ಅದೇ ಲಯ, ಅದೇ ಬಗೆಯ ಪಲ್ಲವಿ. ಕೇಳಿದ ಕೆಲವು ವರ್ಷ ಸಿಕ್ಕಿತು, ಅದು ಹೀಗೆ ಕಳೆಯಿತು ಎಂದು ದೇವರಿಗೆ ಲೆಕ್ಕ ಒಪ್ಪಿಸಿದಂತಿದೆ.

ಆಮೇಲೆ ಮೂರೂ ಗಂಟುಗಳು ಒಂದೊಂದಾಗಿ ಬಿಚ್ಚುತ್ತವೆ. ಎಲ್ಲರಂತೆ ನನಗೂ ಹೆಚ್ಚು ಕಾಲ ಬದುಕುವ ಆಸೆಯಿದೆ, ಈಗ ಅದರ ಚಿಂತೆಯಿಲ್ಲ ಎನ್ನುತ್ತಾರೆ. ದೇವರು ನನ್ನನ್ನು ಬೆಟ್ಟದ ತುದಿಗೆ ಹತ್ತಿಸಿದ, ಅಲ್ಲಿಂದ ವಾಗ್ದಾನದ ನಾಡನ್ನು ಕಂಡೆ, ನಿಮ್ಮ ಜೊತೆ ಅಲ್ಲಿಗೆ ನಾನು ಬರದೇ ಹೋಗಬಹುದು, ಆದರೆ ನಾವೊಂದು ಜನಾಂಗವಾಗಿ ತಲುಪುತ್ತೇವೆ ಎನ್ನುತ್ತಾರೆ. ನೆಬೋ ಬೆಟ್ಟದ ಮೇಲಿಂದ ನಾಡನ್ನು ಕಂಡು, ಒಳಗೆ ಕಾಲಿಡದೆ ತೀರಿಕೊಂಡ ಮೋಶೆಯ ಕಥೆ ಅದು. ಅವನ ಹೆಸರನ್ನು ಅಲ್ಲಿ ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆರಂಭದಲ್ಲಿ ದೂರದಿಂದ ನೋಡಿದ ನಡಿಗೆಯೊಳಗೆ ಈಗ ಅವರೂ ಇದ್ದಾರೆ, ಸಭೆಯೂ ಇದೆ. ಅದರ ಬೆನ್ನಿಗೇ, ಈ ರಾತ್ರಿ ನಾನು ಸಂತೋಷವಾಗಿದ್ದೇನೆ ಎನ್ನುತ್ತಾರೆ. ಮುಂದಿದ್ದ ಸಂತೋಷ ಈಗಿನದಾಯಿತು. ಇನ್ನೆರಡು ಮೂರು ವಾಕ್ಯ ಹೇಳಿ ಕುಳಿತುಬಿಡುತ್ತಾರೆ. ಮರುದಿನ ಸಂಜೆ ಅವರ ಕೊಲೆಯಾಯಿತು.

ಆ ಕೊಲೆಯ ನೆರಳು ಬಿದ್ದದ್ದರಿಂದಲೇ ಈ ಮುಕ್ತಾಯ ನಮ್ಮನ್ನು ಅಲುಗಿಸುತ್ತದೆ ಎಂದು ವಾದಿಸಬಹುದು. ಸ್ವಲ್ಪ ನಿಜ. ಆದರೆ ಅಂದು ಕೇಳಿದವರಿಗೆ ನಾಳಿನ ಸುದ್ದಿ ಗೊತ್ತಿರಲಿಲ್ಲ, ಆದರೂ ಸಭೆ ಎದ್ದು ನಿಂತಿತು. ಕಾರಣ ಜೋಡಣೆಯಲ್ಲಿದೆ. ಮೊದಲ ಕಥೆಯನ್ನು ಅವರು ಮತ್ತೆ ಹೇಳಲಿಲ್ಲ, ಅದರ ಮುಂದಿನ ಭಾಗವನ್ನು ಹೇಳಿದರು. ಬಹಿಷ್ಕಾರದ ಪಟ್ಟಿ, ಸಮಾರ್ಯದವನ ಪ್ರಶ್ನೆ, ಇರಿತದ ನೆನಪು ಎಲ್ಲ ದಾಟಿ ಬಂದವರಿಗೆ ಮಾತ್ರ ಆ ಭಾಗದ ಅರ್ಥ ಪೂರ್ತಿ ಸಿಗುತ್ತದೆ.

ಇದನ್ನು ನಮ್ಮ ಅಳತೆಗೆ ತಂದು ನೋಡೋಣ. ನಿವೃತ್ತರಾಗುತ್ತಿರುವ ಮುಖ್ಯೋಪಾಧ್ಯಾಯಿನಿಯ ಬೀಳ್ಕೊಡುಗೆಯಲ್ಲಿ ನೀವು ಹತ್ತು ನಿಮಿಷ ಮಾತನಾಡಬೇಕು ಎಂದಿಟ್ಟುಕೊಳ್ಳಿ. ಅವರು ಈ ಶಾಲೆಗೆ ಬಂದ ಮೊದಲ ದಿನ ಹಾಜರಿ ಪುಸ್ತಕ ತರಿಸಿ, ಒಂದು ತಿಂಗಳಿಂದ ಬಾರದ ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡರು ಎಂಬ ಕಥೆ ನಿಮ್ಮಲ್ಲಿದೆ. ಅಲ್ಲಿಗೆ ನಿಲ್ಲಿಸಿ. ಚೀಟಿಯನ್ನು ಏನು ಮಾಡಿದರು ಎಂಬುದನ್ನು ಹೇಳಬೇಡಿ, ಕೇಳುಗರನ್ನು ಕೆಣಕಲೂ ಬೇಡಿ. ನಡುವೆ ಅವರ ಕೆಲಸದ ಬಗ್ಗೆ ಮಾತನಾಡಿ: ತೋಟದ ಕೂಲಿಗೆ ಹೋಗುತ್ತಿದ್ದ ಮಕ್ಕಳ ಮನೆಗೆ ಸಂಜೆ ಹೋದದ್ದು, ಅಪ್ಪಂದಿರ ಜೊತೆ ಜಗಳವಾಡಿದ್ದು, ಕೆಲವರನ್ನು ಕರೆತರಲಾಗದೆ ಸೋತದ್ದು. ಕೊನೆಗೆ: "ಆ ಚೀಟಿಯಲ್ಲಿದ್ದ ಹುಡುಗಿಯೊಬ್ಬಳು ಈಗ ಇದೇ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹೋದ ತಿಂಗಳು ಮೇಡಂ ಅವಳಿಗೆ ಇನ್ನೊಂದು ಚೀಟಿ ಕೊಟ್ಟಿದ್ದಾರೆ." ಇಷ್ಟೇ. ಚೀಟಿ ಎಂಬ ಅದೇ ಪದವನ್ನು ಬಳಸಬೇಕು. ಕೊನೆಯಲ್ಲಿ ಅದು ಪಟ್ಟಿಯೋ ದಾಖಲೆಯೋ ಆದರೆ ಕಿವಿ ಗುರುತು ಹಿಡಿಯುವುದಿಲ್ಲ.

ಇದು ಕೆಡುವುದು ಸಾಮಾನ್ಯವಾಗಿ ಎಲ್ಲಿ ಎಂದರೆ, "ನಾನು ಆರಂಭದಲ್ಲಿ ಹೇಳಿದ ಕಥೆ ನೆನಪಿದೆಯಲ್ಲವೇ" ಎಂದು ಕೇಳುವಲ್ಲಿ. ನೆನಪಿಸಿಕೊಳ್ಳುವ ಸುಖವನ್ನು ಕೇಳುಗರಿಂದ ಕಿತ್ತುಕೊಂಡಂತಾಯಿತು. ಅದಕ್ಕಿಂತ ದೊಡ್ಡ ಕೇಡು ಸಮಯದ್ದು. ನಡುವಿನ ಮಾತು ಹಿಗ್ಗಿ ಚೀಟಿ ಬಂದಾಗ ಬಲಿಯಾಗುವುದು ಮುಕ್ತಾಯವೇ. ಹೀಗಾಗಿ ಕೊನೆಯ ನಾಲ್ಕು ವಾಕ್ಯಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು, ಬೇಕಾದರೆ ನಡುವಿನ ಯಾವ ಪ್ರಸಂಗವನ್ನು ಬಿಡಬಹುದು ಎಂದು ಗುರುತು ಹಾಕಿಕೊಂಡಿರಬೇಕು. ವಂದನೆಗಳನ್ನೆಲ್ಲ ಕಿಂಗ್ ಮಾಡಿದಂತೆ ಮೊದಲೇ ಸಲ್ಲಿಸುವುದು ಒಳ್ಳೆಯದು. ಮುಕ್ತಾಯವಾದ ಮೇಲೆ ಶಾಮಿಯಾನದವರಿಗೆ, ಮೈಕಿನವರಿಗೆ ಧನ್ಯವಾದ ಹೇಳಹೊರಟರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ.

ಸರಿಯಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ನಡುವಿನ ಭಾಗ ಬಿಟ್ಟು, ಆರಂಭ ಮತ್ತು ಮುಕ್ತಾಯವನ್ನು ಮಾತ್ರ ಒಬ್ಬರಿಗೆ ಓದಿ ಹೇಳಿ. ಅಷ್ಟರಿಂದಲೇ ಅವರಿಗೆ ಕಥೆ ಪೂರ್ತಿ ದಕ್ಕಿದರೆ ನಿಮ್ಮ ಭಾಷಣದ ಹೊಟ್ಟೆ ಖಾಲಿ ಎಂದರ್ಥ. ತಿದ್ದಬೇಕಾದ್ದು ಮುಕ್ತಾಯವನ್ನಲ್ಲ, ನಡುವನ್ನು. "ಇದರಲ್ಲೇನಿದೆ ವಿಶೇಷ?" ಎಂದು ಅವರು ಕೇಳಿ, ಪೂರ್ತಿ ಕೇಳಿದ ಮೇಲೆ ಸುಮ್ಮನಾದರೆ ನೀವು ಗೆದ್ದಿರಿ.

ಎಲ್ಲ ಕಡೆ ಇದು ಸಲ್ಲುವುದಿಲ್ಲ. ಹೊಸ ಬೆಳೆ ವಿಮೆಯ ಬಗ್ಗೆ ರೈತರಿಗೆ ಮಾಹಿತಿ ಕೊಡುವ ಅಧಿಕಾರಿ ಕಥೆಗೆ ಮರಳುವ ಬದಲು ಅರ್ಜಿಯ ಕೊನೆಯ ದಿನಾಂಕವನ್ನು ಇನ್ನೊಮ್ಮೆ ಹೇಳಿ ಕೂರುವುದೇ ಸರಿ. ಆದರೆ ಬೀಳ್ಕೊಡುಗೆ, ಸ್ಮರಣೆ, ಉಪನ್ಯಾಸ, ಹೋರಾಟದ ಸಭೆ ಇವುಗಳಲ್ಲಿ ಮಾತನಾಡುವ ಸರದಿ ನಿಮ್ಮದಾಗಿದ್ದರೆ ಮೆಂಫಿಸ್ ಭಾಷಣದ ಧ್ವನಿಮುದ್ರಣವನ್ನು ಕೇಳಿ. ಕೊನೆಯ ಎರಡು ನಿಮಿಷದ ತುಣುಕು ಎಲ್ಲೆಡೆ ಸಿಗುತ್ತದೆ, ಅದನ್ನು ಬಿಟ್ಟು ಮೊದಲಿನಿಂದಲೇ ಶುರುಮಾಡಿ.